ಹದಿನಾಲ್ಕನೇ ಪ್ರಶ್ನೆಯ ಮಾದರಿ ಉತ್ತರ

ನಾನು ‘ಇಲ್ಲ’ ಎಂದು ಬರೆದಿದ್ದೆ. ಬೆಳಿಗ್ಗೆ ಲಕೋಟೆ ಒಡೆದಾಗ ಅಚ್ಚಾಗಿ ಬಂದಿದ್ದದ್ದು ‘ಹೌದು’.

ಆ ಲಕೋಟೆಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು, ಪ್ರತಿಯೊಂದರ ಕೆಳಗೆ ಮಾದರಿ ಉತ್ತರ. ಎಲ್ಲವೂ ಸ್ಯಾಂಪ್ಲಿಂಗ್ ಬಗ್ಗೆ, ಅಂದರೆ ಕೆಲವರನ್ನು ಆರಿಸಿ ಎಣಿಸಿ ಇಡೀ ಊರಿನ ಲೆಕ್ಕ ಹಿಡಿಯುವ ವಿದ್ಯೆ. ನಮ್ಮ ಸಂಖ್ಯಾಶಾಸ್ತ್ರ ವಿಭಾಗದ ಎಂ.ಎಸ್ಸಿ. ಪ್ರವೇಶಕ್ಕೆ ಬರುವವರ ಉಳಿದ ಗಣಿತವನ್ನೆಲ್ಲ ಲಿಖಿತ ಪರೀಕ್ಷೆ ನೋಡಿಕೊಳ್ಳುತ್ತದೆ. ವೈವಾದಲ್ಲಿ, ಅಂದರೆ ಮೌಖಿಕದಲ್ಲಿ, ಸ್ಯಾಂಪ್ಲಿಂಗ್ ಮಾತ್ರ. ಕಾಗದವಿಲ್ಲದೆ ಬಾಯಲ್ಲಿ ವಾದಿಸಬಹುದಾದದ್ದು ಅದೊಂದೇ ಎಂಬುದು ಇಲ್ಲಿಯವರ ಹಳೆಯ ನಂಬಿಕೆ. ಎರಡು ವರ್ಷದ ಹಿಂದೆ ಯಾರೋ ಒಬ್ಬ ಅಭ್ಯರ್ಥಿಯ ತಂದೆ, ವೈವಾದಲ್ಲಿ ಮುಖ ನೋಡಿ ಅಂಕ ಕೊಡುತ್ತಾರೆ ಎಂದು ಹೈಕೋರ್ಟಿಗೆ ಹೋದ. ಅಂದಿನಿಂದ ಪ್ರಶ್ನೆಗಳು, ಉತ್ತರಗಳು ಮೊದಲೇ ಬರೆದಿರಬೇಕು, ಮೊಹರಾಗಿರಬೇಕು, ಅಭ್ಯರ್ಥಿಯೇ ಚೀಟಿ ಎತ್ತಬೇಕು ಎಂದಾಯಿತು. ಈ ಸಲ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುಂತಲಾ ರಾಹಾ, ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯಳು, ಕೆಲಸ ಇನ್ನೂ ಖಾಯಮಾಗಿಲ್ಲ.

ಹದಿನಾಲ್ಕನೆಯದು ನನಗೆ ಇಷ್ಟವಾದ ಪ್ರಶ್ನೆ. ಒಂದು ಪಟ್ಟಿಯಿಂದ ಮೂರಕ್ಕೊಂದರಂತೆ ಮನೆಗಳನ್ನು ಆರಿಸುತ್ತೀರಿ. ಮೊದಲ ಮೂರರಲ್ಲಿ ಯಾವುದರಿಂದ ಶುರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೀರಿ. ಪಟ್ಟಿಯ ಉದ್ದ ಮೂರರಿಂದ ಭಾಗವಾಗುವುದಿಲ್ಲ. ಸಿಕ್ಕ ಮನೆಗಳ ಸರಾಸರಿಯಲ್ಲಿ ಪಕ್ಷಪಾತವಿಲ್ಲ ಎನ್ನಬಹುದೇ? ಅಂದರೆ, ಮೂರೂ ಆರಂಭಗಳಿಂದ ಬರುವ ಸರಾಸರಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಇಡೀ ಪಟ್ಟಿಯ ನಿಜವಾದ ಸರಾಸರಿ ಬರುತ್ತದೆಯೇ? ಬರುವುದಿಲ್ಲ. ಒಂದು ಆರಂಭಕ್ಕೆ ನಾಲ್ಕು ಮನೆ ಸಿಕ್ಕರೆ ಇನ್ನೊಂದಕ್ಕೆ ಮೂರೇ ಸಿಗುತ್ತವೆ. ನಾಲ್ಕರ ಗುಂಪಿನಲ್ಲಿರುವ ಮನೆಯ ಮಾತಿಗೆ ತೂಕ ಕಡಿಮೆ.

ಅಚ್ಚಾದ ಉತ್ತರ ಹೀಗಿತ್ತು: ‘ಹೌದು. ಪ್ರತಿ ಘಟಕಕ್ಕೂ ಆಯ್ಕೆಯಾಗುವ ಸಂಭವ ಸಮಾನವಾಗಿರುವುದರಿಂದ ಸ್ಯಾಂಪಲ್ ಸರಾಸರಿ ಪಕ್ಷಪಾತರಹಿತ.’

ಸಂಭವ ಸಮಾನ ಎನ್ನುವುದು ನಿಜ. ಅದರಿಂದ ಸರಾಸರಿ ಪಕ್ಷಪಾತರಹಿತ ಎನ್ನುವುದು ಸುಳ್ಳು. ಅರ್ಧ ನಿಜದಂಥ ಉತ್ತರವನ್ನು ಕೆಡವುವುದು ಪೂರ್ತಿ ಸುಳ್ಳನ್ನು ಕೆಡವುವುದಕ್ಕಿಂತ ಕಷ್ಟ.

ಬದಲಾಯಿಸಿದವರು ವಿಭಾಗದ ಮುಖ್ಯಸ್ಥ ನಿರ್ಮಾಲ್ಯ ಘೋಷಾಲ್. ಕರಡು ನೋಡುವಾಗಲೇ ಅವರು ಹುಬ್ಬು ಗಂಟಿಕ್ಕಿದ್ದರು, ನಾನು ವಿವರಿಸಿದ್ದೆ, ಅವರು ‘ನೋಡೋಣ’ ಎಂದಿದ್ದರು. ನೋಡಿದ್ದು ಇದು. ಪಕ್ಕದಲ್ಲೇ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದವರ ಮುಂದೆ ಹಾಳೆಯನ್ನು ತಳ್ಳಿದೆ. ಅವರು ಹಾಳೆಯ ಕಡೆ ನೋಡಲೂ ಇಲ್ಲ.

“ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ ಕುಂತಲಾ. ನಮ್ಮ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದೂ ಇದೇ.”

“ಹಾಗಾದ್ರೆ ಇಬ್ಬರೂ ತಪ್ಪು ಸರ್.”

ಹೊರಗಿನ ಪರೀಕ್ಷಕರಾಗಿ ಬಂದಿದ್ದ ಹಿಮಾದ್ರಿ ಪಾಕಡಾಶಿ ಕೆಮ್ಮಿದರು. ದೂರದ ವಿಶ್ವವಿದ್ಯಾಲಯದಿಂದ ಬೆಳಗಿನ ಲೋಕಲ್ ರೈಲು ಹಿಡಿದು ಬಂದ ಮನುಷ್ಯ. ಜೂನಿನ ಬೆವರು ಅವರ ಪಂಜಾಬಿ ಜುಬ್ಬಾವನ್ನು ಬೆನ್ನಿಗೆ ಅಂಟಿಸಿತ್ತು. “ಶುರು ಮಾಡೋಣ ಮಾ,” ಎಂದರು ನನಗೆ. “ಹೊರಗೆ ಮಕ್ಕಳು ಬೇಯ್ತಾ ಇದ್ದಾರೆ.” ಆಗಲೇ ವಿಭಾಗದ ಜವಾನ ಬಾದಲ್-ದಾ ಮೊದಲ ಅಭ್ಯರ್ಥಿಯ ಹೆಸರನ್ನು ಕೂಗಿಯಾಗಿತ್ತು.

ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತು ಚೀಟಿ. ಒಬ್ಬೊಬ್ಬರೂ ಆರು ಎತ್ತಬೇಕು, ಎತ್ತಿದ್ದನ್ನು ಮತ್ತೆ ಹಾಕುವ ಹಾಗಿಲ್ಲ, ಒಂದಕ್ಕೆ ಐದು ಅಂಕ. ಮೊದಲಿಗರಲ್ಲಿ ಯಾರಿಗೂ ಹದಿನಾಲ್ಕು ಬರಲಿಲ್ಲ. ಚೆನ್ನಾಗಿಯೇ ನಡೆಯುತ್ತಿತ್ತು. ಊರು ಹತ್ತು ಪಟ್ಟು ದೊಡ್ಡದಾದರೆ ಸ್ಯಾಂಪಲ್ಲೂ ಹತ್ತು ಪಟ್ಟು ಬೇಕೇ ಎಂದರೆ, ಬೇಡ, ಊರಿನ ಜನ ಒಬ್ಬರಿಗೊಬ್ಬರು ಎಷ್ಟು ಭಿನ್ನ ಅನ್ನುವುದು ಮುಖ್ಯ, ಊರು ಎಷ್ಟು ದೊಡ್ಡದು ಅನ್ನುವುದಲ್ಲ ಎಂದು ಒಬ್ಬ ಹುಡುಗಿ ಸರಾಗವಾಗಿ ಹೇಳಿದಳು. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಏನು ಮಾಡುತ್ತೀಯ ಎಂದರೆ ಒಬ್ಬ, ಪಕ್ಕದ ಮನೆಗೆ ಹೋಗ್ತೀನಿ ಎಂದು ಹಲ್ಲು ಕಿರಿದ. ಹಗಲು ಬೀಗ ಹಾಕಿರುವವರು ದುಡಿಯಲು ಹೋದವರು, ಅವರನ್ನು ಬಿಟ್ಟು ಮನೆಯಲ್ಲೇ ಇರುವವರನ್ನು ಎಣಿಸಿದರೆ ಲೆಕ್ಕ ವಾಲುತ್ತದೆ, ಮತ್ತೆ ಹೋಗಿ ಬಾಗಿಲು ತಟ್ಟಬೇಕು ಎಂದು ಮಾದರಿ ಉತ್ತರ. ಅವನಿಗೆ ಘೋಷಾಲ್ ಸರ್ ಒಂದು ಅಂಕ ಕೊಟ್ಟರು, ನಾನೂ ಒಪ್ಪಿದೆ. ಇಂಥವುಗಳಲ್ಲಿ ಅವರು ನ್ಯಾಯವಂತರು. ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಆಮೇಲೆ ಸಪ್ತರ್ಷಿ ಗುಹ ಬಂದ. ನಮ್ಮದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ, ಒಳ್ಳೆಯ, ಹೆದರುವ ಹುಡುಗ. ನಾಲ್ಕನೆಯ ಚೀಟಿಯೇ ಹದಿನಾಲ್ಕು. ಅವನ ಮುಖ ಬೆಳಗಿತು.

“ಹೌದು ಸರ್. ಪ್ರತಿ ಘಟಕಕ್ಕೂ ಆಯ್ಕೆಯಾಗುವ ಸಂಭವ ಸಮಾನವಾಗಿರುವುದರಿಂದ ಸ್ಯಾಂಪಲ್ ಸರಾಸರಿ ಪಕ್ಷಪಾತರಹಿತ.”

ಒಂದಕ್ಷರ ಆಚೀಚೆ ಇಲ್ಲ. ಲಕೋಟೆ ಎಲ್ಲಿಂದಲೋ ಸೋರಿದೆ ಎಂದು ನನಗೆ ಒಂದು ಕ್ಷಣ ಅನುಮಾನ ಬಂತು. ಎಲ್ಲಿ ಓದಿದೆ ಎಂದು ಕೇಳಿದೆ. “ಸರ್ ನೋಟ್ಸಲ್ಲಿ ಮ್ಯಾಡಮ್,” ಎಂದು ಅವನು ಗೌರವದಿಂದ ಘೋಷಾಲರ ಕಡೆ ನೋಡಿದ. ಸೋರಿಕೆ ಅಲ್ಲ. ಅದಕ್ಕಿಂತ ಕೆಟ್ಟದ್ದು. ಅವರ ನೋಟ್ಸನ್ನು ಮೂರು ವರ್ಷ ಬಾಯಿಪಾಠ ಮಾಡಿದವರಿಗೆಲ್ಲ ಈ ತಪ್ಪು ಬರುತ್ತದೆ, ಹೊರಗಿನವರಿಗೆ ಬರುವುದಿಲ್ಲ. ಈ ಮನೆಯವರು ಯಾರು, ಹೊರಗಿನವರು ಯಾರು ಎಂದು ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಕಳ್ಳನೂ ಹೂಡಲಾರ. ಇಲ್ಲಿ ಹೂಡಿದವರೇ ಇಲ್ಲ.

ಅವನಿಗೆ ಐದಕ್ಕೆ ಐದು.

ತಹಮಿನಾ ಲಸ್ಕರ್ ಬಂದದ್ದು ಊಟಕ್ಕೆ ಸ್ವಲ್ಪ ಮುಂಚೆ. ದೂರದ ಮಗ್ರಾಹಾಟ್ ಎಂಬ ಊರಿನ ಕಡೆಯ ಕಾಲೇಜು, ಲಿಖಿತದಲ್ಲಿ ಒಳ್ಳೆಯ ಅಂಕ. ಕುರ್ಚಿಯ ತುದಿಯಲ್ಲಿ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇಳಿಯಬೇಕಾದ ನಿಲ್ದಾಣ ಹತ್ತಿರವಾದವರು ಕೂರುವ ಹಾಗೆ. ಐದು ಪ್ರಶ್ನೆಗೆ ಹೆಚ್ಚುಕಡಿಮೆ ಪೂರ್ತಿ ಹೇಳಿದಳು. ಪದರಗಳಾಗಿ ವಿಂಗಡಿಸುವುದಕ್ಕೂ ಗುಂಪುಗಳನ್ನು ಆರಿಸುವುದಕ್ಕೂ ಏನು ವ್ಯತ್ಯಾಸ ಎಂದರೆ, ಪದರದ ಒಳಗಿನವರು ಒಂದೇ ಥರ ಇದ್ದಷ್ಟೂ ಒಳ್ಳೆಯದು, ಗುಂಪಿನ ಒಳಗೆ ಎಲ್ಲ ಥರದವರೂ ಇದ್ದಷ್ಟೂ ಒಳ್ಳೆಯದು ಎಂದಳು. ಪಾಕಡಾಶಿ “ಬಾಹ್” ಎಂದು ತಲೆದೂಗಿದರು. ಆರನೆಯ ಚೀಟಿ ಹದಿನಾಲ್ಕು.

“ಇಲ್ಲ ಸರ್,” ಎಂದಳು.

ಘೋಷಾಲ್ ದಯೆಯಿಂದಲೇ ನಕ್ಕರು. ಇನ್ನೊಂದು ಸಲ ಯೋಚಿಸು, ಪ್ರತಿ ಮನೆಗೂ ಸಂಭವ ಒಂದೇ ತಾನೇ ಎಂದು ಕೇಳಿದರು. ಒಂದೇ ಎಂದಳು. ಹಾಗಾದರೆ ‘ಇಲ್ಲ’ ಯಾಕೆ ಎಂದರು. ಅವಳು ಬೋರ್ಡಿನ ಹತ್ತಿರ ಹೋಗಲೇ ಎಂದು ಕೇಳಿದಳು. ಇದು ಮೌಖಿಕ, ಬೋರ್ಡು ಇಲ್ಲ ಎಂದರು.

“ಸರಿ ಸರ್, ಬಾಯಲ್ಲೇ ಹೇಳ್ತೀನಿ. ಹತ್ತು ಮನೆ. ಒಂಬತ್ತು ಮನೇಲಿ ಒಂದೊಂದು ಸೈಕಲ್. ಹತ್ತನೇದು ರಿಪೇರಿ ಅಂಗಡಿ, ಅಲ್ಲಿ ಹನ್ನೊಂದು. ಒಟ್ಟು ಇಪ್ಪತ್ತು, ಸರಾಸರಿ ಎರಡು. ಈಗ ಒಂದರಿಂದ ಶುರು ಮಾಡಿದ್ರೆ ಒಂದು, ನಾಲ್ಕು, ಏಳು, ಹತ್ತನೇ ಮನೆ ಸಿಗತ್ತೆ; ನಾಲ್ಕು ಮನೇಲಿ ಒಟ್ಟು ಹದಿನಾಲ್ಕು ಸೈಕಲ್, ಸರಾಸರಿ ಮೂರೂವರೆ. ಎರಡರಿಂದ ಶುರು ಮಾಡಿದ್ರೆ ಸರಾಸರಿ ಒಂದು. ಮೂರರಿಂದ ಮಾಡಿದ್ರೂ ಒಂದು. ಮೂರೂವರೆ, ಒಂದು, ಒಂದು, ಕೂಡಿದ್ರೆ ಐದೂವರೆ. ಅದನ್ನ ಮೂರರಿಂದ ಭಾಗಿಸಿದ್ರೆ ಎರಡು ಬರಲ್ಲ ಸರ್.”

ಸರಿಯಾಗಿ ಮಾಡುವುದು ಹೇಗೆ ಎಂದು ನಾನು ಕೇಳಿದೆ, ನನ್ನ ದನಿ ಏರಿದ್ದು ನನಗೇ ಕೇಳಿಸಿತು. ಸಿಕ್ಕ ಮನೆಗಳ ಸಂಖ್ಯೆಯಿಂದ ಭಾಗಿಸಬಾರದು ಎಂದಳು. ಸಿಕ್ಕ ಮೊತ್ತವನ್ನು ಮೂರರಿಂದ ಗುಣಿಸಿ ಪಟ್ಟಿಯ ಹತ್ತರಿಂದ ಭಾಗಿಸಬೇಕು, ಆಗ ನಾಲ್ಕು ಪಾಯಿಂಟ್ ಎರಡು, ಸೊನ್ನೆ ಪಾಯಿಂಟ್ ಒಂಬತ್ತು, ಸೊನ್ನೆ ಪಾಯಿಂಟ್ ಒಂಬತ್ತು, ಕೂಡಿದರೆ ಆರು, ಮೂರರಿಂದ ಭಾಗಿಸಿದರೆ ಎರಡು.

“ಪಾಠ ಮಾಡೋಕೆ ಬಂದಿದ್ಯೇನಮ್ಮ?” ಎಂದರು ಘೋಷಾಲ್. ಹೋಗು ಎಂದು ಕೈ ಮಾಡಿದರು. ಅಂಕಪಟ್ಟಿಯಲ್ಲಿ ಹದಿನಾಲ್ಕರ ಮುಂದೆ ಸೊನ್ನೆ ಸುತ್ತಿದರು. ಗುಂಡಗೆ, ತಾಳ್ಮೆಯಿಂದ.

ಊಟದ ಪೊಟ್ಟಣಗಳನ್ನು ಬಾದಲ್-ದಾ ತಂದಿಟ್ಟ, ಪೂರಿಯಂಥ ಲೂಚಿ ಮತ್ತು ಆಲೂ ದಮ್. ನಾನು ಮುಟ್ಟಲಿಲ್ಲ. ಒಂದು ಬಿಳಿ ಹಾಳೆ ಮೇಲೆ ಹತ್ತು ಮನೆ ಬರೆದು ಘೋಷಾಲರ ಪೊಟ್ಟಣದ ಪಕ್ಕ ಇಟ್ಟು, ನೀವೇ ಮಾಡಿ ಎಂದೆ. ಅವರು ಎಣ್ಣೆಗೈಯನ್ನು ಕರವಸ್ತ್ರಕ್ಕೆ ಒರೆಸಿ ಪೆನ್ಸಿಲ್ ತೆಗೆದುಕೊಂಡರು. ಲೆಕ್ಕದಲ್ಲಿ ಅವರ ಕೈ ಈಗಲೂ ಚುರುಕು. ಒಂದು ಪಾಯಿಂಟ್ ಎಂಟು ಮೂರು. ಅದನ್ನು ಬರೆದು ಅದರ ಕೆಳಗೆ ಗೆರೆ ಎಳೆದರು. ಗೆರೆಯನ್ನು ಇನ್ನೊಮ್ಮೆ ಎಳೆದರು. ಅವರಿಗೆ ಕಂಡಿತು. ಅವರ ಕಿವಿ ಕೆಂಪಾದುದನ್ನು ನಾನು ನೋಡಿದೆ.

“ಇದು ಬೇಕಂತ ಮಾಡಿದ ಉದಾಹರಣೆ,” ಎಂದರು.

“ಯಾವಾಗಲೂ ಅನ್ನೋ ಮಾತನ್ನ ಕೆಡವೋಕೆ ಒಂದು ಉದಾಹರಣೆ ಸಾಕು ಸರ್. ಇದನ್ನ ನಮಗೆ ಹೇಳಿಕೊಟ್ಟಿದ್ದು ನೀವೇ.”

“ದೊಡ್ಡ ಪಟ್ಟಿಯಾದ್ರೆ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ.”

ಅದು ನಿಜ. ಸಾವಿರಾರು ಮನೆಗಳಿದ್ದರೆ ಒಂದು ಹೆಚ್ಚು ಒಂದು ಕಡಿಮೆ ಯಾರಿಗೂ ಕಾಣುವುದಿಲ್ಲ. ಆದರೆ ಪ್ರಶ್ನೆ ಕೇಳಿದ್ದು ವ್ಯತ್ಯಾಸ ಇದೆಯೇ ಎಂದು, ಸಣ್ಣದೇ ಎಂದಲ್ಲ. ಹಾಗೆಂದೆ. ಆ ಹುಡುಗಿಗೆ ಅಂಕ ಕೊಡಿ ಎಂದೆ.

ಆಗ ಪಾಕಡಾಶಿ ಬಾಯಿ ಬಿಟ್ಟರು. ಲೂಚಿಯನ್ನು ಹರಿಯುತ್ತ, ಬಹಳ ಸಮಾಧಾನದಿಂದ, ಲೆಕ್ಕದಲ್ಲಿ ನಾನು ಹೇಳುವುದೇ ಸರಿಯಿರಬಹುದು ಎಂದರು. ಆದರೆ ಅಂಕ ಕೊಡಬೇಕಾದದ್ದು ಲೆಕ್ಕ ನೋಡಿ ಅಲ್ಲ, ಮಾದರಿ ಉತ್ತರ ನೋಡಿ. ಕೋರ್ಟು ಕೇಳಿದ್ದು ಅದನ್ನೇ. ಬೆಳಿಗ್ಗೆ ‘ಹೌದು’ ಎಂದವರಿಗೆ ಐದು ಕೊಟ್ಟು ಮಧ್ಯಾಹ್ನ ‘ಇಲ್ಲ’ ಎಂದವಳಿಗೂ ಐದು ಕೊಟ್ಟರೆ ನಾಳೆ ಮತ್ತೊಬ್ಬ ತಂದೆ ಕಟಕಟೆ ಹತ್ತುತ್ತಾನೆ.

“ಅಂದ್ರೆ ತಪ್ಪನ್ನ ಮೊಹರು ಮಾಡಿದ್ರೆ ಅದು ಸರಿ?”

“ಸರಿ ಅಲ್ಲ ಮಾ. ನಿಯಮ.”

ಘೋಷಾಲ್ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡರು, ನೀರಿಗೆ ಬಿದ್ದವನು ಹುಲ್ಲುಕಡ್ಡಿ ಹಿಡಿಯುವಂತೆ. ನನಗೆ ಉಕ್ಕಿ ಬಂದದ್ದು ಆಗ. ಅವರು ಮೂರ್ಖರಾಗಿದ್ದರೆ ನಾನು ಕ್ಷಮಿಸುತ್ತಿದ್ದೆ. ಪೆನ್ಸಿಲಿನ ಗೆರೆ ಎಳೆಯುವವರೆಗೆ ಅವರದು ಬರೀ ತಪ್ಪು. ಅದಾದ ಮೇಲೆ ಅದು ಬೇರೇನೋ ಆಗಿತ್ತು.

ಸಂಜೆಯ ಹೊತ್ತಿಗೆ ಲಿಖಿತದ ಮತ್ತು ವೈವಾದ ಅಂಕಗಳನ್ನು ಕೂಡಿಸಿ ಪಟ್ಟಿ ಮಾಡಿದರು. ಕೊನೆಯ ಸೀಟು ಎಪ್ಪತ್ತಾರು ಅಂಕದ ಸಪ್ತರ್ಷಿಗೆ. ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು ಎಪ್ಪತ್ತನಾಲ್ಕರ ತಹಮಿನಾ. ಆ ಸೊನ್ನೆ ಐದಾಗಿದ್ದರೆ ಅವಳಿಗೆ ಎಪ್ಪತ್ತೊಂಬತ್ತು.

ಪಾಕಡಾಶಿ ಸಹಿ ಹಾಕಿದರು, ರೈಲಿನ ಹೊತ್ತು ನೋಡಿಕೊಂಡರು. ಘೋಷಾಲ್ ಹಾಕಿದರು. ಹಾಳೆ ನನ್ನ ಮುಂದೆ ಬಂತು. ನಮ್ಮಲ್ಲಿ ಮೂರು ಸಹಿ ಇಲ್ಲದ ಅಂಕಪಟ್ಟಿ ಊರ್ಜಿತವಲ್ಲ. ಭಿನ್ನಮತ ಬರೆದ ಪಟ್ಟಿ ಡೀನ್ ಮೇಜಿಗೆ ಹೋಗಲೇಬೇಕು. ಭಿನ್ನಮತಕ್ಕೆಂದು ಕೆಳಗೆ ನಾಲ್ಕು ಬೆರಳಗಲ ಜಾಗ ಇರುತ್ತದೆ, ಅದನ್ನು ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ.

“ನವೆಂಬರಲ್ಲಿ ನಿನ್ನ ಖಾಯಮಾತಿ ಫೈಲು ನನ್ನ ಹತ್ರ ಬರತ್ತೆ,” ಎಂದರು ಘೋಷಾಲ್. ಬೆದರಿಕೆಯ ದನಿಯಲ್ಲಲ್ಲ, ಹವಾಮಾನ ಹೇಳುವವರ ದನಿಯಲ್ಲಿ.

“ಬರಲಿ ಸರ್.”

ಹತ್ತು ಮನೆ, ಇಪ್ಪತ್ತು ಸೈಕಲ್, ಮೂರು ಆರಂಭ, ಎಲ್ಲವನ್ನೂ ಆ ನಾಲ್ಕು ಬೆರಳಗಲದಲ್ಲಿ ಬರೆದೆ. ಪೆನ್ನು ಒತ್ತಿ ಬರೆದದ್ದಕ್ಕೆ ಹಾಳೆ ಒಂದೆಡೆ ಹರಿಯಿತು. ಪಾಕಡಾಶಿ ಬಗ್ಗಿ ನೋಡಿ, ಅಕ್ಷರ ಚೆನ್ನಾಗಿದೆ ಎಂದರು. ಅದು ತಮಾಷೆಯೋ ಅಲ್ಲವೋ ನನಗೆ ಈಗಲೂ ತಿಳಿಯದು.

ಡೀನ್ ಸಾಹಿತ್ಯದವರು. ನನ್ನನ್ನೂ ಘೋಷಾಲರನ್ನೂ ಎದುರು ಬದುರು ಕೂರಿಸಿ ನಿಂಬೂ ಶರಬತ್ತು ತರಿಸಿದರು. ಇಬ್ಬರು ವಿದ್ವಾಂಸರೇ ಒಪ್ಪದ ಪ್ರಶ್ನೆ ಎಂದರೆ ಪ್ರಶ್ನೆಯಲ್ಲೇ ದೋಷ ಇರಬೇಕು ಎಂದರು. ದೋಷ ಪ್ರಶ್ನೆಯಲ್ಲಲ್ಲ, ಉತ್ತರದಲ್ಲಿ ಎಂದೆ. ಒಪ್ಪದೇ ಇರುವುದು ಏನೂ ಇಲ್ಲ, ಸರ್‌ಗೂ ಗೊತ್ತಿದೆ, ಕೇಳಿ ನೋಡಿ ಎಂದೆ. ಡೀನ್ ಕೇಳಿದರು. ಘೋಷಾಲ್ ಲೋಟದ ಅಂಚಿನ ನೀರನ್ನು ಬೆರಳಿನಿಂದ ಒರೆಸುತ್ತ, ವಿಷಯ ಸೂಕ್ಷ್ಮವಾದದ್ದು, ಅಭಿಪ್ರಾಯಭೇದಕ್ಕೆ ಅವಕಾಶವಿದೆ ಎಂದರು.

ಮಾರನೆಯ ದಿನ ನೋಟಿಸು ಬಂತು. ಹದಿನಾಲ್ಕನೇ ಪ್ರಶ್ನೆ ದೋಷಪೂರಿತವಾಗಿದ್ದರಿಂದ ಆ ಚೀಟಿ ಎತ್ತಿದ ಎಲ್ಲರಿಗೂ, ಏನೇ ಉತ್ತರ ಹೇಳಿದ್ದರೂ, ಐದು ಕೃಪಾಂಕ. ‘ಹೌದು’ ಎಂದವರಿಗೆ ಐದು, ‘ಇಲ್ಲ’ ಎಂದವಳಿಗೆ ಐದು, ಬಾಯಿ ಬಿಡದೆ ಕೂತವನಿಗೂ ಐದು. ತಹಮಿನಾ ಮೇಲೆ ಹೋದಳು, ಆ ಐದನ್ನು ಮೊದಲೇ ಪಡೆದಿದ್ದ ಸಪ್ತರ್ಷಿ ಕಾಯುವವರ ಪಟ್ಟಿಯ ತಲೆಗೆ ಇಳಿದ. ನೀನು ಗೆದ್ದೆಯಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಚಹಾ ಕೊಡಿಸಲು ಬಂದರು. ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಎನ್ನಿಸಿತು.

ಪ್ರವೇಶದ ದಿನ ನಾನು ಮೂಲ ದಾಖಲೆ ನೋಡುವ ಮೇಜಿನಲ್ಲಿದ್ದೆ, ಪಕ್ಕದ ಮೇಜಿನಲ್ಲಿ ಘೋಷಾಲ್, ಮೊಹರು ಅವರ ಕೈಯಲ್ಲಿ. ನಾಲ್ಕು ಗಂಟೆಯೊಳಗೆ ಮೊಹರು ಬೀಳದಿದ್ದರೆ ಸೀಟು ಮುಂದಿನವರಿಗೆ. ಮುಂದಿನವನು ಎದುರು ಬೆಂಚಿನಲ್ಲೇ ಇದ್ದ. ಸಪ್ತರ್ಷಿ, ಪಕ್ಕದಲ್ಲಿ ಅವನ ತಂದೆ, ಮಡಿಲಲ್ಲಿ ಫೈಲು. ಬೆಳಿಗ್ಗೆಯೇ ಅವನು ನನ್ನ ಹತ್ತಿರ ಬಂದು ತನ್ನ ಉತ್ತರ ನಿಜಕ್ಕೂ ತಪ್ಪೇ ಎಂದು ಕೇಳಿದ್ದ. ತಪ್ಪು ಎಂದಿದ್ದೆ. “ಹಾಗಾದ್ರೆ ಮೂರು ವರ್ಷ ಯಾಕೆ ಮ್ಯಾಡಮ್ ಯಾರೂ ಹೇಳಲಿಲ್ಲ?” ಎಂದಿದ್ದ. ಅವನ ಸಿಟ್ಟೂ ನ್ಯಾಯವಾದದ್ದೇ.

ತಹಮಿನಾ ಅಣ್ಣನ ಜೊತೆ ಬಂದಳು. ದಾಖಲೆಗಳೆಲ್ಲ ಸರಿಯಾಗಿದ್ದವು. ಕೊನೆಯಲ್ಲಿ ಒಂದು ಮುಚ್ಚಳಿಕೆ: ದೋಷಪೂರಿತ ಪ್ರಶ್ನೆಗೆ ಕೃಪಾಂಕ ಪಡೆದಿರುತ್ತೇನೆ, ಈ ಬಗ್ಗೆ ಮುಂದೆ ಯಾವ ತಕರಾರೂ ಮಾಡುವುದಿಲ್ಲ. ಕೃಪಾಂಕದ ಎಲ್ಲರೂ ಬೆಳಗಿನಿಂದ ಓದದೆ ಸಹಿ ಹಾಕಿ ಹೋಗಿದ್ದರು. ಅವಳು ಓದಿದಳು. ಪೆನ್ನಿನ ಮುಚ್ಚಳ ಹಾಕಿದಳು.

“ನಾನು ಕೃಪೆ ಕೇಳಿಲ್ಲ ಮ್ಯಾಡಮ್.”

ಸಹಿ ಮಾಡು ಎಂದು ಅಣ್ಣ ಹಲ್ಲು ಕಚ್ಚಿ ಹೇಳಿದ. ಸಾಲಿನಲ್ಲಿ ಹಿಂದಿದ್ದವರು ಗೊಣಗಿದರು. ನನಗೂ ಅವಳ ಮೇಲೆ ಸಿಟ್ಟು ಬಂತು, ಸುಳ್ಳೇಕೆ. ನಾನು ನನ್ನ ಕೆಲಸ ಒತ್ತೆ ಇಟ್ಟು ತಂದ ಸೀಟನ್ನು ಇವಳು ಒಂದು ಶಬ್ದಕ್ಕಾಗಿ ಬಿಸಾಡುತ್ತಿದ್ದಾಳೆ. ಎದುರು ಬೆಂಚಿನ ತಂದೆ ಗಡಿಯಾರ ನೋಡಿ ಫೈಲನ್ನು ಕೈಗೆ ತೆಗೆದುಕೊಂಡ. ಸಹಿ ಮಾಡಿಬಿಡು, ಆಮೇಲೆ ಜಗಳ ಆಡು ಎಂದು ನಾನು ಮೆಲ್ಲಗೆ ಹೇಳಿದೆ.

“ಆಮೇಲೆ ತಕರಾರು ಮಾಡಲ್ಲ ಅಂತಾನೇ ಬರೆದಿದೆಯಲ್ಲ ಮ್ಯಾಡಮ್. ನೀವು ಓದಿಲ್ವಾ?”

ನಾನು ಓದಿರಲಿಲ್ಲ.

ಘೋಷಾಲ್ ಆಚೆ ಮೇಜಿನಿಂದ, ಏನು ವಿಳಂಬ, ಬೇಡವಾದರೆ ಕಾಯುತ್ತಿರುವವರಿದ್ದಾರೆ ಎಂದರು. ಅವಳು ಅವರ ಕಡೆ ಒಮ್ಮೆ ನೋಡಿ, ಪೆನ್ನು ತೆರೆದು, ನಿಂತಲ್ಲೇ ಬಗ್ಗಿ, ‘ದೋಷಪೂರಿತ’ ಎಂಬುದನ್ನು ಹೊಡೆದು ಹಾಕಿದಳು. ‘ಕೃಪಾಂಕ’ ಹೊಡೆದು ಮೇಲೆ ‘ಸರಿಯುತ್ತರದ ಅಂಕ’ ಎಂದು ಬರೆದಳು. ತಕರಾರಿನ ಸಾಲನ್ನು ಇಡಿಯಾಗಿ ಹೊಡೆದಳು. ಸಹಿ ಮಾಡಿ, ತಾರೀಖು ಹಾಕಿ, ತಾನೇ ಒಯ್ದು ಘೋಷಾಲರ ಮುಂದೆ ಇಟ್ಟಳು.

ಅವರು ಓದಿದರು. ಇದನ್ನು ತಿರಸ್ಕರಿಸಬೇಕಾದರೆ ಕಾರಣ ಬರೆಯಬೇಕು. ಅವಳ ಉತ್ತರ ಸರಿಯಲ್ಲ ಎಂದು ತಮ್ಮ ಕೈಯಿಂದ, ತಮ್ಮ ಹೆಸರಿನ ಮೇಲೆ, ಬರೆಯಬೇಕು. ಪೆನ್ನು ಹಿಡಿದರು. ಮೂರು ಆರಂಭಗಳು ಅವರ ತಲೆಯಲ್ಲಿ ಓಡುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಲೆಕ್ಕ ಬಲ್ಲ ಮನುಷ್ಯನಿಗೆ ಅದನ್ನು ನಿಲ್ಲಿಸಲು ಆಗುವುದಿಲ್ಲ. ಸಪ್ತರ್ಷಿಯ ತಂದೆ ಎದ್ದು ನಿಂತ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಸ್ವಲ್ಪ ಇತ್ತು.

ಘೋಷಾಲ್ ಪೆನ್ನು ಕೆಳಗಿಟ್ಟು ಮೊಹರು ಎತ್ತಿದರು. ಒತ್ತಿದ್ದು ಓರೆಯಾಗಿ ಬಿತ್ತು. ಹಾಳೆಯನ್ನು ಅವಳ ಕಡೆ ನೋಡದೆ ಬಾದಲ್-ದಾನಿಗೆ ಚಾಚಿದರು.

ಬೆಂಚಿನಲ್ಲಿದ್ದ ಸಪ್ತರ್ಷಿ ಎದ್ದು ತಂದೆಯ ತೋಳು ಹಿಡಿದು ಕರೆದುಕೊಂಡು ಹೊರಟ. ತಂದೆ ಬಾಗಿಲಲ್ಲಿ ತಿರುಗಿ ನಿಂತು ತಹಮಿನಾಳನ್ನು ದುರುಗುಟ್ಟಿ ನೋಡಿದ. ತಪ್ಪು ಅವಳದಲ್ಲ, ಅವಳದಲ್ಲ ಎಂದು ನನಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಅವಳು ನನ್ನ ಮೇಜಿಗೆ ಬಂದಿದ್ದಳು.

“ಶುಲ್ಕದ ರಸೀದಿ ಎಲ್ಲಿ ಕೊಡ್ತಾರೆ?” ಎಂದು ಕೇಳಿದಳು.

ಕೆಳಗಡೆ, ಮೆಟ್ಟಿಲ ಪಕ್ಕ ಎಂದೆ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾದದ್ದೂ ಇರಲಿಲ್ಲ. ಸಾಲಿನಲ್ಲಿ ಮುಂದಿನ ಹುಡುಗ ತನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿದ, ಅವನದೂ ಕೃಪಾಂಕ. ಮುಚ್ಚಳಿಕೆಯನ್ನು ನಾನು ಅವನ ಕಡೆ ತಿರುಗಿಸಿ, ಓದು ಎಂದೆ. ಅವನು ಸಹಿ ಎಲ್ಲಿ ಎಂದು ಕೇಳಿದ.

“ಮೊದಲು ಓದು,” ಎಂದೆ. ದನಿ ಜೋರಾಯಿತು. ಘೋಷಾಲ್ ತಲೆ ಎತ್ತಿ ನೋಡಿದರು. ನಾನು ನೋಟ ತಗ್ಗಿಸಲಿಲ್ಲ.